√(x²+6x) − x: ಸರ್ 3 ಎನ್ನುತ್ತಾರೆ, ಕಂಪ್ಯೂಟರ್ 0 ಎನ್ನುತ್ತದೆ

ಗುಮ್ಮಟದೂರು_07
ವಿಜಯಪುರದಲ್ಲಿ ಪಿಯುಸಿ ಓದುತ್ತಿದ್ದೇನೆ. ಟ್ಯೂಷನ್‌ನಲ್ಲಿ ಒಂದು ಲಿಮಿಟ್ ಲೆಕ್ಕ ಕೊಟ್ಟರು. x ಅನಂತದತ್ತ ಹೋದಾಗ √(x²+6x) − x ಎಷ್ಟಾಗುತ್ತದೆ ಎಂಬುದು ಪ್ರಶ್ನೆ. ಸರ್ ಅದನ್ನು ಏನೋ ಒಂದರಿಂದ ಗುಣಿಸಿದರು, ಭಾಗಿಸಿದರು, 3 ಎಂದು ಬರೆದು ಬೋರ್ಡು ಒರೆಸಿಬಿಟ್ಟರು. ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ಪೈಥಾನ್‌ನಲ್ಲಿ ದೊಡ್ಡ ದೊಡ್ಡ x ಹಾಕಿ ನೋಡಿದೆ.

```python
from math import sqrt
for k in (3, 15, 16, 18):
    x = 10.0**k
    print(k, sqrt(x*x + 6*x) - x)
```

x ಸಾವಿರ ಇದ್ದಾಗ 2.9955 ಚಿಲ್ಲರೆ ಬಂತು. 10ರ ಘಾತ 15ಕ್ಕೆ 3.0 ಬಂತು. ಅಲ್ಲಿಯವರೆಗೆ ಸರ್ ಹೇಳಿದ್ದೇ ಸರಿ ಎನಿಸಿತು. ಘಾತ 16ಕ್ಕೆ 2.0 ಬಂತು, 18ಕ್ಕೆ 0.0 ಬಂತು. ಲಿಮಿಟ್ ಎಂದರೆ x ಎಷ್ಟು ದೊಡ್ಡದಾದರೆ ಅಷ್ಟು ನಿಖರವಾಗಬೇಕು ತಾನೇ? ಹಾಗಾದರೆ ಉತ್ತರ 0 ಏಕಲ್ಲ?

ಬಸವನಾಡು_ಎಕ್ಸ್‌ಪ್ರೆಸ್
ಅನಂತದಲ್ಲಿ ಅನಂತ ಕಳೆದರೆ ಸೊನ್ನೆ. ಕಂಪ್ಯೂಟರ್ ಸರಿಯಾಗಿಯೇ ಹೇಳಿದೆ. ಮಲಗು ತಮ್ಮಾ.

ತೊರವಿ_ರಸ್ತೆಯ_ಗಣಿತದಕ್ಕ
ಮಲಗಬೇಡ ತಮ್ಮಾ, ಹೀಗೆ ಹೇಳುವವರನ್ನು ನಂಬಿ ಮಲಗಿದವರ ಉತ್ತರ ಪತ್ರಿಕೆಗಳನ್ನು ನಾನು ಪ್ರತಿ ವರ್ಷ ತಿದ್ದುತ್ತೇನೆ.

(x+5) − x ತೆಗೆದುಕೊಳ್ಳಿ. ಎರಡೂ ಅನಂತದತ್ತ ಹೋಗುತ್ತವೆ, ವ್ಯತ್ಯಾಸ ಮಾತ್ರ ಕೊನೆಯವರೆಗೂ 5. x² − x ತೆಗೆದುಕೊಳ್ಳಿ, ಅಲ್ಲಿಯೂ ಎರಡು ಅನಂತಗಳಿವೆ, ವ್ಯತ್ಯಾಸ ಕೈಗೆ ಸಿಗದೆ ಬೆಳೆಯುತ್ತದೆ. ಆದ್ದರಿಂದ «ಅನಂತ ಕಳೆ ಅನಂತ» ಎಂಬುದು ಉತ್ತರವಲ್ಲ, ಇನ್ನೂ ಕೆಲಸ ಬಾಕಿ ಇದೆ ಎಂಬ ಸೂಚನೆ ಅಷ್ಟೇ.

ಈಗ ಸರ್ ಒರೆಸಿದ ಸಾಲುಗಳು. ನಮ್ಮ ತೊಂದರೆ ಇರುವುದು ಕಳೆಯುವ ಚಿಹ್ನೆಯಲ್ಲಿ. ಎರಡು ಭಾರೀ ಸಂಖ್ಯೆಗಳು ಒಂದನ್ನೊಂದು ತಿಂದುಹಾಕುತ್ತವೆ, ಉಳಿದದ್ದೆಷ್ಟು ಎಂದು ಕಾಣುವುದಿಲ್ಲ. ಆದ್ದರಿಂದ ಇಡೀ ರಾಶಿಯನ್ನು 1ರಿಂದ ಭಾಗಿಸಿದ ಭಿನ್ನರಾಶಿ ಎಂದು ಎಣಿಸಿ, ಅಂಶ ಮತ್ತು ಛೇದ ಎರಡನ್ನೂ √(x²+6x) + x ಎಂಬುದರಿಂದ ಗುಣಿಸುತ್ತೇವೆ. ಅಂಶದಲ್ಲಿ (a−b)(a+b) = a²−b² ಕೆಲಸ ಮಾಡುತ್ತದೆ:

(x² + 6x) − x² = 6x

ವರ್ಗಮೂಲ ಅಂಶದಿಂದ ಹೋಯಿತು. ಅದಕ್ಕಿಂತ ಮುಖ್ಯವಾಗಿ, ದೊಡ್ಡ ಪದವಾದ x² ಕೂಡ ಹೋಯಿತು. ಉಳಿದದ್ದು:

6x / (√(x²+6x) + x)

ಇಲ್ಲಿ ಕಳೆಯುವುದು ಎಲ್ಲಿಯೂ ಇಲ್ಲ. ಮೇಲೂ ಕೆಳಗೂ x ನಿಂದ ಭಾಗಿಸಿ. x ಧನ ಸಂಖ್ಯೆಯಾದ್ದರಿಂದ ವರ್ಗಮೂಲದ ಒಳಗೆ ಹೋಗುವಾಗ ಅದು x² ಆಗುತ್ತದೆ:

6 / (√(1 + 6/x) + 1)

x ಬೆಳೆದಂತೆ 6/x ಸೊನ್ನೆಯತ್ತ ಹೋಗುತ್ತದೆ, ಛೇದ 1+1 ಆಗುತ್ತದೆ, ಉತ್ತರ 3. ನಿಮ್ಮ ಸರ್ ಸರಿ.

ಬಸವನಾಡು_ಎಕ್ಸ್‌ಪ್ರೆಸ್
ಅದಿರಲಿ ಅಕ್ಕಾ, ಕಂಪ್ಯೂಟರ್ 0 ಎಂದದ್ದೇಕೆ? ಅದಕ್ಕೆ ಉತ್ತರ ಕೊಡಲಿಲ್ಲ.

ತೊರವಿ_ರಸ್ತೆಯ_ಗಣಿತದಕ್ಕ
ಕಂಪ್ಯೂಟರ್ ನನ್ನ ವಿಷಯವಲ್ಲ. ಗೊತ್ತಿರುವವರು ಬರುತ್ತಾರೆ.

ನವನಗರ_ಸೂಪರ್‌ಫಾಸ್ಟ್
ಬಾಗಲಕೋಟೆಯಿಂದ. ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ. ಸ್ಪರ್ಧಾ ಪರೀಕ್ಷೆಗೆ ಕೂತವನಿಗೆ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದು ಕಷ್ಟ. ಸೂತ್ರ ಇಷ್ಟೇ: x ನ ಗುಣಾಂಕದ ಅರ್ಧ. 6x ಇದ್ದರೆ 3, 10x ಇದ್ದರೆ 5. ನಾನು ಹುಡುಗರಿಗೆ ಇದನ್ನೇ ಹೇಳಿಕೊಡುತ್ತೇನೆ, ಅವರು ಕಣ್ಣು ಮುಚ್ಚಿ ಉತ್ತರ ಗುರುತಿಸುತ್ತಾರೆ.

ತೊರವಿ_ರಸ್ತೆಯ_ಗಣಿತದಕ್ಕ
ಕಣ್ಣು ಮುಚ್ಚುವುದೇ ತೊಂದರೆ ಸರ್. √(4x²+6x) − 2x ಕೊಟ್ಟರೆ ನಿಮ್ಮ ಹುಡುಗರು 3 ಎನ್ನುತ್ತಾರೆ. x ನೂರು ಎಂದು ಹಾಕಿ ನೋಡಿ: 40600ರ ವರ್ಗಮೂಲ 201.494, ಅದರಲ್ಲಿ 200 ಕಳೆದರೆ 1.494. ಲಿಮಿಟ್ 1.5, ನಿಮ್ಮ ಸೂತ್ರದ ಅರ್ಧ. ಏಕೆಂದರೆ ಛೇದದಲ್ಲಿ ಈಗ 1+1 ಅಲ್ಲ, 2+2 ಬರುತ್ತದೆ. x² ಗೆ ಗುಣಾಂಕ ಇದ್ದರೆ ಅದರ ವರ್ಗಮೂಲದಿಂದಲೂ ಭಾಗಿಸಬೇಕು.

ನವನಗರ_ಸೂಪರ್‌ಫಾಸ್ಟ್
ಅಂಥ ಪ್ರಶ್ನೆಗೆ ಇನ್ನೊಂದು ಸೂತ್ರ ಇದೆ. ಬೇರೆ ಪುಟದಲ್ಲಿ ಬರೆಸಿದ್ದೇನೆ.

ಬಸವನಾಡು_ಎಕ್ಸ್‌ಪ್ರೆಸ್
√(4x²+6x) − x ಗೆ ಮೂರನೆಯ ಪುಟವೇ ಸರ್?

ತೊರವಿ_ರಸ್ತೆಯ_ಗಣಿತದಕ್ಕ
ಅದಕ್ಕೆ ಪುಟವೇ ಬೇಡ. ವರ್ಗಮೂಲ ಸುಮಾರು 2x ನಂತೆ ಬೆಳೆಯುತ್ತದೆ, ಕಳೆಯುವುದು ಒಂದೇ x. ಉಳಿದದ್ದು ಬೆಳೆಯುತ್ತಲೇ ಹೋಗುತ್ತದೆ. ದೊಡ್ಡ ಪದಗಳು ಸರಿಸಮ ಇದ್ದಾಗ ಮಾತ್ರ ಗುಣಿಸುವ ಉಪಾಯ ಬೇಕಾಗುತ್ತದೆ. ಕೈ ಹಾಕುವ ಮೊದಲು ಇದನ್ನು ನೋಡಿಕೊಂಡರೆ ಅರ್ಧ ಪುಟ ಉಳಿಯುತ್ತದೆ.

ಹಿಂಡಲಗಾ_ಕೋಡರ್
ಬೆಳಗಾವಿಯಿಂದ. ಕಂಪ್ಯೂಟರ್ ಬಗ್ಗೆ ನಾನು ಹೇಳುತ್ತೇನೆ, ನನ್ನ ದಿನಗೆಲಸವೇ ಅದು.

ತಮ್ಮಾ, ನಿನ್ನ ಪ್ರೋಗ್ರಾಮ್ ಹೇಳುತ್ತಿರುವುದು ಲಿಮಿಟ್‌ನ ಬಗ್ಗೆ ಅಲ್ಲ, ತನ್ನ ಜಾಗದ ಇಕ್ಕಟ್ಟಿನ ಬಗ್ಗೆ. ಪೈಥಾನ್ ದಶಮಾಂಶ ಸಂಖ್ಯೆಯನ್ನು ಇಡುವುದು 64 ಬಿಟ್‌ಗಳಲ್ಲಿ. ಅದರಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್, ಅಂದರೆ ಸುಮಾರು 16 ಅಂಕಿ. 10ರ ಘಾತ 16ರ ನೆರೆಹೊರೆಯಲ್ಲಿ ಅದಕ್ಕೆ ಸಮಸಂಖ್ಯೆಗಳು ಮಾತ್ರ ಗೊತ್ತು. ಆ x ಗೆ 3 ಕೂಡಿಸಿದ ಸಂಖ್ಯೆಯನ್ನು ಬರೆದಿಡಲು ಅದಕ್ಕೆ ಜಾಗವೇ ಇಲ್ಲ, 2 ಕೂಡಿಸಿದ್ದು ಅಥವಾ 4 ಕೂಡಿಸಿದ್ದು ಎಂದು ಯಾವುದಾದರೂ ಒಂದನ್ನು ಹಿಡಿಯಲೇಬೇಕು. ನಿನಗೆ ಸಿಕ್ಕದ್ದು 2. ಘಾತ 18ರ ಬಳಿ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ 128. ಅಲ್ಲಿ 3 ಎಂಬುದು ಕಾಣುವುದೇ ಇಲ್ಲ. ವರ್ಗಮೂಲವೂ x, ಕಳೆದದ್ದೂ x, ಉತ್ತರ 0.0.

ಈಗ ಕೊನೆಯ ಸಾಲನ್ನು ಅಕ್ಕ ಬರೆದ ರೂಪಕ್ಕೆ ಬದಲಿಸು:

```python
    print(k, 6*x / (sqrt(x*x + 6*x) + x))
```

ಘಾತ 18ಕ್ಕೂ 3.0 ಬರುತ್ತದೆ. ಯಂತ್ರ ಅದೇ, ಅಂಕಿಗಳೂ ಅಷ್ಟೇ. ಕಳೆಯುವ ಕಡೆ ಅಂಕಿಗಳು ಅಳಿಸಿಹೋಗುತ್ತಿದ್ದವು, ಕೂಡಿಸುವ ಕಡೆ ಹಾಗಾಗುವುದಿಲ್ಲ. ನಾವು ಕಚೇರಿಯಲ್ಲಿ ವರ್ಗಸಮೀಕರಣದ ಚಿಕ್ಕ ಮೂಲವನ್ನು ಲೆಕ್ಕ ಹಾಕುವಾಗಲೂ ಇದೇ ರೀತಿ ಸೂತ್ರವನ್ನು ತಿರುಗಿಸಿ ಬರೆಯುತ್ತೇವೆ.

ಗುಮ್ಮಟದೂರು_07
ಬದಲಿಸಿ ನೋಡಿದೆ, ಬಂತು. ಆದರೆ ಹೀಗೆ ಕೆಟ್ಟುಹೋಗಿದೆ ಎಂದು ಮೊದಲೇ ಗೊತ್ತಾಗುವುದು ಹೇಗೆ? ನನಗೆ 3 ಎಂಬ ಉತ್ತರ ಗೊತ್ತಿರದಿದ್ದರೆ 0ಯನ್ನೇ ನಂಬುತ್ತಿದ್ದೆ.

ಹಿಂಡಲಗಾ_ಕೋಡರ್
ಬೆಲೆಗಳ ನಡಿಗೆ ನೋಡಬೇಕು. ನೂರಕ್ಕೆ 2.956, ಸಾವಿರಕ್ಕೆ 2.9955, ಹೀಗೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತಾ ಬಂದದ್ದು ಇದ್ದಕ್ಕಿದ್ದಂತೆ 2.0 ಎಂಬ ದುಂಡು ಸಂಖ್ಯೆಗೆ ಬಿದ್ದರೆ ಅದು ಗಣಿತದ ಕೆಲಸವಲ್ಲ. ಇನ್ನೊಂದು, x ಅನ್ನು ಹದಿನಾರು ಅಂಕಿಯ ಹತ್ತಿರಕ್ಕೂ ಒಯ್ಯಬೇಡ. ಲಿಮಿಟ್ ಊಹಿಸಲು ಸಾವಿರ, ಹತ್ತು ಸಾವಿರ ಸಾಕು.

ಕೃಷ್ಣಾತೀರದ_ಮೋಜಣಿ_ಕಾಕಾ
ನಾನು ಜಮಖಂಡಿ ಕಡೆಯವನು, ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಲಿಮಿಟ್ ನನಗೆ ಗೊತ್ತಿಲ್ಲ. ಆದರೆ x² ಗೆ 6x ಕೂಡಿಸುವುದು ಎಂದಾಗ ನನಗೆ ಹೊಲ ಕಂಡಿತು.

ಒಂದು ಚೌಕ ಹೊಲ ಇದೆ ಎಂದುಕೊಳ್ಳಿ, ಪ್ರತಿ ಬದಿ 660 ಅಡಿ. ಸರಿಯಾಗಿ ಹತ್ತು ಎಕರೆ. ಅದರ ಒಂದು ಬದಿಗೆ ಹತ್ತಿಕೊಂಡು 6 ಅಡಿ ಅಗಲದ ಪಟ್ಟಿ ಇದೆ, ಹಳೆಯ ಬಂಡಿ ದಾರಿ. ಪಟ್ಟಿಯ ಉದ್ದವೂ 660. ಅದೂ ಮಾಲೀಕನಿಗೆ ಸೇರಿತು. ಈಗ ಒಟ್ಟು ಕ್ಷೇತ್ರವನ್ನು ಮತ್ತೆ ಚೌಕ ಮಾಡಿದರೆ ಬದಿ ಎಷ್ಟು ಹೆಚ್ಚುತ್ತದೆ?

ಪಟ್ಟಿಯನ್ನು ಉದ್ದಕ್ಕೆ ಸೀಳಿ. 3 ಅಡಿ ಅಗಲದ ಎರಡು ಪಟ್ಟಿ ಆಗುತ್ತವೆ. ಒಂದನ್ನು ಪೂರ್ವಕ್ಕೆ ಇಡಿ, ಒಂದನ್ನು ಉತ್ತರಕ್ಕೆ ಇಡಿ. ಬದಿ 663 ಆಯಿತು. ಆದರೆ ಈಶಾನ್ಯ ಮೂಲೆಯಲ್ಲಿ 3 ಅಡಿಗೆ 3 ಅಡಿಯ ಒಂದು ತುಂಡು ಖಾಲಿ ಉಳಿಯುತ್ತದೆ, 9 ಚದರ ಅಡಿ. 663ರ ವರ್ಗ 439569. ನಮ್ಮ ಹೊಲ 439560. ಲೆಕ್ಕ ಕೂಡಿತಲ್ಲ, ಒಂಬತ್ತೇ ಕಡಿಮೆ. ಆ ಒಂಬತ್ತನ್ನು ತುಂಬಲು ಎರಡು ಬದಿಗಳಿಂದ ಕೂದಲೆಳೆಯಷ್ಟು ಕೆರೆದುಕೊಳ್ಳಬೇಕು. ಎರಡು ಬದಿ ಸೇರಿ 1326 ಅಡಿ ಉದ್ದ, ಅದರ ಮೇಲೆ 9 ಹಂಚಿದರೆ 0.0068 ಅಡಿ. ಎರಡು ಮಿಲಿಮೀಟರ್. ಅಳತೆಯ ಸರಪಳಿ ಬಿಸಿಲಿಗೆ ಹಿಗ್ಗುವುದೇ ಅದಕ್ಕಿಂತ ಹೆಚ್ಚು.

ಹೊಲ ದೊಡ್ಡದಾದಷ್ಟೂ ಆ 9 ಚದರ ಅಡಿಯ ಮೂಲೆ ಅಷ್ಟೇ ಇರುತ್ತದೆ, ಹಂಚಿಕೊಳ್ಳುವ ಬದಿ ಉದ್ದವಾಗುತ್ತದೆ. ಹಾಗಾಗಿ ಬದಿ ಹೆಚ್ಚುವುದು 3 ಅಡಿಗೆ ಬಂದು ಮುಟ್ಟುತ್ತದೆ. ಇದೇ ತಾನೇ ನಿಮ್ಮ ಪ್ರಶ್ನೆ?

ತೊರವಿ_ರಸ್ತೆಯ_ಗಣಿತದಕ್ಕ
ಕಾಕಾ, ಇದೇ ಪ್ರಶ್ನೆ. ನೀವು ಹೇಳಿದ್ದನ್ನು ನಾವು x² + 6x = (x+3)² − 9 ಎಂದು ಬರೆಯುತ್ತೇವೆ.

ನವನಗರ_ಸೂಪರ್‌ಫಾಸ್ಟ್
ನೋಡಿ, ಕಾಕಾ ಹೇಳಿದ್ದೂ ಅರ್ಧದ ಸೂತ್ರವೇ. ಪಟ್ಟಿಯನ್ನು ಸೀಳಿದರಲ್ಲ. 9 ಬಿಟ್ಟುಬಿಡಿ, √(x+3)² ಎಂದರೆ x+3, ಅದರಲ್ಲಿ x ಹೋದರೆ 3. ಗುಣಿಸುವುದು ಭಾಗಿಸುವುದು ಏನೂ ಇಲ್ಲ.

ಗುಮ್ಮಟದೂರು_07
ಇಲ್ಲಿಯೇ ನನ್ನ ಗೊಂದಲ. 9 ಬಿಡಬಹುದು ಎಂದರೆ 6x ಏಕೆ ಬಿಡಬಾರದು? x² ನ ಮುಂದೆ 6x ಕೂಡ ಚಿಕ್ಕದೇ. ಅದನ್ನು ಬಿಟ್ಟರೆ √x² − x = 0. ಗೆಳೆಯನೊಬ್ಬ ಹೀಗೆಯೇ ಬಿಡಿಸಿದ್ದಾನೆ.

ತೊರವಿ_ರಸ್ತೆಯ_ಗಣಿತದಕ್ಕ
ಈ ವೇದಿಕೆಗೆ ಬಂದ ಪ್ರಶ್ನೆಗಳಲ್ಲಿ ಇದು ಒಳ್ಳೆಯದು. ಸರಿಯಾಗಿ ಕೇಳು.

6x ಬಿಟ್ಟರೆ ವರ್ಗಮೂಲದಲ್ಲಿ ಆಗುವ ತಪ್ಪು ಎಷ್ಟು? √(x²+6x) ಮತ್ತು √x² ಗಳ ವ್ಯತ್ಯಾಸದಷ್ಟು. ಅದನ್ನು ಈಗಾಗಲೇ ಕಂಡುಹಿಡಿದಿದ್ದೇವೆ, ಅದು 3ರತ್ತ ಹೋಗುತ್ತದೆ. ಅಂದರೆ ನಾವು ಹುಡುಕುತ್ತಿರುವ ವಸ್ತುವನ್ನೇ ನಿನ್ನ ಗೆಳೆಯ ಬಿಸಾಡಿದ್ದಾನೆ. ಭಾಗಾಕಾರ ತೆಗೆದುಕೊಂಡರೆ √(x²+6x) / x ಎಂಬುದು 1ರತ್ತ ಹೋಗುವುದು ನಿಜ. ಕಾಕಾ ಅವರ ಹೊಲದಲ್ಲಿಯೇ 662.99 ಅನ್ನು 660ರಿಂದ ಭಾಗಿಸಿದರೆ 1.0045. ಭಾಗಾಕಾರ 1 ಆಯಿತೆಂದ ಮಾತ್ರಕ್ಕೆ ವ್ಯತ್ಯಾಸ ಸೊನ್ನೆ ಆಗಬೇಕಿಲ್ಲ. ಈ ಲೆಕ್ಕದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ.

9 ಬಿಟ್ಟರೆ ಆಗುವ ತಪ್ಪು ಎಷ್ಟು? √((x+3)²−9) ಮತ್ತು x+3 ಗಳ ವ್ಯತ್ಯಾಸ. ಅದೂ ಎರಡು ಅನಂತಗಳ ವ್ಯತ್ಯಾಸವೇ, ಅದನ್ನು ತಿಳಿಯಲು ಮತ್ತೆ ಕಾಂಜುಗೇಟ್‌ನಿಂದ, ಅಂದರೆ ನಡುವಿನ ಚಿಹ್ನೆ ತಿರುಗಿಸಿದ ರೂಪದಿಂದ, ಗುಣಿಸಬೇಕು. ಅಂಶದಲ್ಲಿ −9 ಉಳಿಯುತ್ತದೆ, ಛೇದ ಸುಮಾರು 2x ಆಗಿ ಬೆಳೆಯುತ್ತದೆ, ಆದ್ದರಿಂದ ಅದು ಸೊನ್ನೆಯತ್ತ ಹೋಗುತ್ತದೆ. ಈಗ ಧೈರ್ಯವಾಗಿ 9 ಬಿಡಬಹುದು. ನವನಗರದ ಸರ್, ಗುಣಿಸುವುದು ಇಲ್ಲ ಎಂದಿರಿ, ಅದು ನಿಮ್ಮ «ಬಿಟ್ಟುಬಿಡಿ» ಎಂಬ ಮಾತಿನ ಹಿಂದೆ ಅಡಗಿ ಕೂತಿದೆ.

ನವನಗರ_ಸೂಪರ್‌ಫಾಸ್ಟ್
ಉತ್ತರ ಒಂದೇ ಬಂತಲ್ಲ. ಅಂಕ ಕೊಡುವವರು ಅಡಗಿ ಕೂತದ್ದನ್ನು ಕೇಳುವುದಿಲ್ಲ.

ತೊರವಿ_ರಸ್ತೆಯ_ಗಣಿತದಕ್ಕ
ಬಹು ಆಯ್ಕೆಯಲ್ಲಿ ಕೇಳುವುದಿಲ್ಲ, ಒಪ್ಪಿದೆ. ಆದರೆ x · (√(x²+6x) − x − 3) ಕೇಳಿದರೆ? ನಿಮ್ಮ ಪ್ರಕಾರ ಆವರಣದೊಳಗೆ ಸೊನ್ನೆ, ಉತ್ತರವೂ ಸೊನ್ನೆ. ನಿಜವಾದ ಉತ್ತರ −4.5. ಬಿಟ್ಟ ಆ ಒಂಬತ್ತು ಇಲ್ಲಿ ವಾಪಸು ಬಂದು ಲೆಕ್ಕ ಕೇಳುತ್ತದೆ: −9x ಅನ್ನು ಸುಮಾರು 2x ನಿಂದ ಭಾಗಿಸಿದ್ದು.

ಹಿಂಡಲಗಾ_ಕೋಡರ್
ಆ 4.5 ನನ್ನ ಪಟ್ಟಿಯಲ್ಲೇ ಕಾಣುತ್ತದೆ. x ನೂರು ಇದ್ದಾಗ 3ಕ್ಕೆ 0.044 ಕಡಿಮೆ, ಸಾವಿರ ಇದ್ದಾಗ 0.0045 ಕಡಿಮೆ. ಕೊರತೆಯನ್ನು x ನಿಂದ ಗುಣಿಸಿದರೆ 4.5ರ ಹತ್ತಿರ ಹತ್ತಿರ. ಚೆನ್ನಾಗಿದೆ.

ಕೃಷ್ಣಾತೀರದ_ಮೋಜಣಿ_ಕಾಕಾ
ಅದು ನನ್ನ ಈಶಾನ್ಯ ಮೂಲೆ.

ಮುದ್ದೇಬಿಹಾಳ_ಮಲ್ಲಿಗೆ
ನನಗೂ ಇಂಥದ್ದೇ ಒಂದು ಲೆಕ್ಕ ಸಿಕ್ಕಿಹಾಕಿಕೊಂಡಿದೆ. x → 0 ಆದಾಗ (√(x+4) − 2)/x. ಇದಕ್ಕೂ ಮೇಲೂ ಕೆಳಗೂ x ನಿಂದ ಭಾಗಿಸಿದೆ, ಏನೂ ಬರಲಿಲ್ಲ.

ತೊರವಿ_ರಸ್ತೆಯ_ಗಣಿತದಕ್ಕ
ಇಲ್ಲಿ x ಅನಂತಕ್ಕೆ ಹೋಗುತ್ತಿಲ್ಲವಮ್ಮ, ಸೊನ್ನೆಗೆ ಬರುತ್ತಿದೆ. ಗುಣಿಸುವುದು ಅದೇ, ಆಮೇಲಿನ ಕೆಲಸ ಬೇರೆ. √(x+4) + 2 ರಿಂದ ಗುಣಿಸಿದರೆ ಅಂಶದಲ್ಲಿ x+4−4, ಅಂದರೆ x ಮಾತ್ರ. ಛೇದದಲ್ಲೂ ಒಂದು x ಇದೆ, ಎರಡೂ ಹೋಗುತ್ತವೆ. ಉಳಿದದ್ದು 1/(√(x+4)+2). ಈಗ x = 0 ಹಾಕಿದರೆ 1/4. ಛೇದವನ್ನು ಬಿಡಿಸಿ ಗುಣಿಸಲು ಹೋಗಬೇಡಿ, ಆವರಣದಲ್ಲೇ ಇರಲಿ. ಬಿಡಿಸಿದರೆ ಹೋಗಬೇಕಾದ x ಒಳಗೆ ಕಲೆತುಹೋಗುತ್ತದೆ, ಮತ್ತೆ ಹುಡುಕಬೇಕು.

ಮುದ್ದೇಬಿಹಾಳ_ಮಲ್ಲಿಗೆ
ಬಂತು ಮೇಡಂ. ನಾನು ಬಿಡಿಸಿ ಗುಣಿಸಿದ್ದೆ.

ಸಿದ್ಧೇಶ್ವರ_ಗುಡಿ_ಹಿಂದೆ
ಇಷ್ಟೆಲ್ಲ ವರ್ಗಮೂಲದ ಮಾತು, ನಮ್ಮೂರಿನ ಭಾಸ್ಕರಾಚಾರ್ಯರ ಹೆಸರನ್ನು ಯಾರೂ ಎತ್ತಲಿಲ್ಲ! ಕರಣಿಗಳನ್ನು ಭಾಗಿಸುವಾಗ ಛೇದದ ಒಂದು ಕರಣಿಯ ಚಿಹ್ನೆಯನ್ನು ತಿರುಗಿಸಿ ಮೇಲೆ ಕೆಳಗೆ ಗುಣಿಸಬೇಕು ಎಂದು ಅವರು ಬೀಜಗಣಿತದಲ್ಲಿ ಹೇಳಿದ್ದಾರೆ. ಹುಟ್ಟಿದ್ದು 1114ರಲ್ಲಿ, ಇದೇ ವಿಜಯಪುರದಲ್ಲಿ.

ಬಸವನಾಡು_ಎಕ್ಸ್‌ಪ್ರೆಸ್
ಅವರೇ ಹೇಳಿಕೊಂಡ ಊರು ವಿಜ್ಜಡವಿಡ. ಅದು ವಿಜಯಪುರವೇ ಎಂದು ಎಲ್ಲರೂ ಒಪ್ಪಿಲ್ಲ. ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ ಅವರ ಮೊಮ್ಮಗ ಚಾಂಗದೇವ ಮಠ ನಡೆಸಿದ ಶಾಸನ ಇದೆ, 1207ರದ್ದು. ಆ ಕಡೆಯವರು ಅದನ್ನೇ ಹಿಡಿದು ನಮ್ಮವರು ಎನ್ನುತ್ತಾರೆ.

ಸಿದ್ಧೇಶ್ವರ_ಗುಡಿ_ಹಿಂದೆ
ಮೊಮ್ಮಗ ಎಲ್ಲಿ ಮಠ ಕಟ್ಟಿದರೆ ಅಜ್ಜ ಅಲ್ಲಿ ಹುಟ್ಟಿದ ಎಂದಾಗುತ್ತದೆಯೇ? ನನ್ನ ಮೊಮ್ಮಗ ಪುಣೆಯಲ್ಲಿದ್ದಾನೆ.

ತೊರವಿ_ರಸ್ತೆಯ_ಗಣಿತದಕ್ಕ
ಈ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಒಂದು ಮಾತು ಮಾತ್ರ: ಅಲ್ಲಿ ಶುದ್ಧಗೊಳಿಸುವುದು ಛೇದವನ್ನು, ಇಲ್ಲಿ ಅಂಶವನ್ನು. ಹೈಸ್ಕೂಲಿನಲ್ಲಿ ಛೇದದ ಅಕರಣೀಕರಣ ಮಾಡಿ ಮಾಡಿ ರೂಢಿಯಾದ ಮಕ್ಕಳು, ಇಲ್ಲಿ 6x / (√(x²+6x) + x) ಎಂದು ಬಂದ ತಕ್ಷಣ ಛೇದದಲ್ಲಿ ವರ್ಗಮೂಲ ಉಳಿಯಿತಲ್ಲ ಎಂದು ಮತ್ತೆ ಗುಣಿಸುತ್ತಾರೆ. ಸುತ್ತಿ ಬಂದು ಹೊರಟಲ್ಲಿಗೇ ನಿಲ್ಲುತ್ತಾರೆ.

ಅಥಣಿ_ಅಭ್ಯರ್ಥಿ
ಎಲ್ಲರೂ x ಅನ್ನು ಮುಂದಕ್ಕೇ ಓಡಿಸುತ್ತೀರಿ. ನನ್ನ ಪುಸ್ತಕದಲ್ಲಿ x → −∞, ಲೆಕ್ಕ √(x²+6x) + x. ಕಾಂಜುಗೇಟ್ √(x²+6x) − x, ಅಂಶ 6x, ಸರಿ. x ನಿಂದ ಭಾಗಿಸಿದೆ:

6 / (√(1+6/x) − 1)

ಛೇದ ಸೊನ್ನೆ ಆಗುತ್ತದೆ. ಉತ್ತರ ಅನಂತ ಎಂದು ಬರೆದೆ. ಹಿಂದಿನ ಪುಟದಲ್ಲಿ −3 ಎಂದಿದೆ. ಪುಸ್ತಕ ತಪ್ಪು ಮುದ್ರಿಸಿದೆಯೇ?

ನವನಗರ_ಸೂಪರ್‌ಫಾಸ್ಟ್
ಲೋಪಿಟಾಲ್ ಹಾಕು. ಎಲ್ಲ ರೋಗಕ್ಕೂ ಒಂದೇ ಮದ್ದು.

ಹಿಂಡಲಗಾ_ಕೋಡರ್
ಅಂಶವನ್ನೂ ಛೇದವನ್ನೂ ಬೇರೆ ಬೇರೆಯಾಗಿ ಅವಕಲಿಸುವ ಲೋಪಿಟಾಲ್ ನಿಯಮ ಭಿನ್ನರಾಶಿಗೆ ಸರ್, ವ್ಯತ್ಯಾಸಕ್ಕಲ್ಲ. ಮೊದಲು ಭಿನ್ನರಾಶಿ ಮಾಡಲೇಬೇಕು. ಮಾಡಿದ ಮೇಲೂ ವರ್ಗಮೂಲದೊಡನೆ ಅದು ಕೆಲವು ಕಡೆ ಗಿರಕಿ ಹೊಡೆಯುತ್ತದೆ. x/√(x²+1) ಗೆ ಹಾಕಿ ನೋಡಿ: ಮೇಲೆ 1, ಕೆಳಗೆ x/√(x²+1), ಅಂದರೆ √(x²+1)/x. ಮತ್ತೊಮ್ಮೆ ಹಾಕಿದರೆ ಮೊದಲಿನದ್ದೇ ಎದುರಿಗೆ ನಿಲ್ಲುತ್ತದೆ. x ನಿಂದ ಭಾಗಿಸಿದವನಿಗೆ ಒಂದೇ ಸಾಲಿನಲ್ಲಿ 1.

ತೊರವಿ_ರಸ್ತೆಯ_ಗಣಿತದಕ್ಕ
ಅಥಣಿಯವರೇ, ಪುಸ್ತಕ ಸರಿ ಇದೆ. x ಋಣ ಸಂಖ್ಯೆ ಎಂಬುದನ್ನು ಭಾಗಿಸುವ ಹೊತ್ತಿಗೆ ಮರೆತಿರಿ. √(x²) ಯಾವಾಗಲೂ ಧನ. x = −100 ಆದರೆ √(x²) = 100, ಅದು x ಅಲ್ಲ, −x. ಆದ್ದರಿಂದ ವರ್ಗಮೂಲವನ್ನು x ನಿಂದ ಭಾಗಿಸಿದಾಗ ಬರುವುದು −√(1+6/x). ಛೇದ −1−1 ಆಗುತ್ತದೆ, ಉತ್ತರ 6/(−2) = −3.

ಚಿಹ್ನೆಯ ಕಾಟ ಬೇಡವೆನಿಸಿದರೆ ಮೊದಲ ಸಾಲಿನಲ್ಲೇ x = −t ಎಂದು ಇಡಿ. ಲೆಕ್ಕ √(t²−6t) − t ಆಗುತ್ತದೆ, t ಅನಂತದತ್ತ ಹೋಗುತ್ತದೆ. ನಂತರ ಎಲ್ಲವೂ ಮೇಲಿನಂತೆಯೇ, ಅಂಶದಲ್ಲಿ −6t. ನಾನು ತರಗತಿಯಲ್ಲಿ ಇದನ್ನೇ ಮಾಡಿಸುತ್ತೇನೆ. ಸಾಲು ಒಂದು ಹೆಚ್ಚಾಗುತ್ತದೆ, ತಪ್ಪು ಹತ್ತು ಕಡಿಮೆಯಾಗುತ್ತವೆ.

ಅಥಣಿ_ಅಭ್ಯರ್ಥಿ
x = −100 ಹಾಕಿದೆ. √9400 = 96.954, ಅದಕ್ಕೆ −100 ಕೂಡಿಸಿದರೆ −3.046. ಸರಿ ಬಂತು. ಆದರೆ ಮೇಡಂ, x → −∞ ಇದ್ದು ನಡುವೆ ಕೂಡುವ ಬದಲು ಕಳೆಯುವ ಚಿಹ್ನೆ ಇದ್ದರೆ? ಗುಮ್ಮಟದೂರಿನವರ ಲೆಕ್ಕವೇ, ದಿಕ್ಕು ಮಾತ್ರ ಹಿಂದಕ್ಕೆ.

ಗುಮ್ಮಟದೂರು_07
ಇದು ನನಗೆ ಬರುತ್ತದೆ. x ಋಣ ಆದ್ದರಿಂದ −x ಧನ. ಧನಕ್ಕೆ ಧನ ಕೂಡಿದ ಹಾಗೆ, ಒಂದನ್ನೊಂದು ತಿನ್ನುವುದೇ ಇಲ್ಲ. −100 ಹಾಕಿದರೆ 196.954. ಬೆಳೆಯುತ್ತಲೇ ಹೋಗುತ್ತದೆ, ಗುಣಿಸುವ ಕೆಲಸವೇ ಇಲ್ಲ.

ಬಸವನಾಡು_ಎಕ್ಸ್‌ಪ್ರೆಸ್
ಹುಡುಗ ತಯಾರಾದ. ಈಗ ಇದನ್ನು ಬಿಡಿಸು: √(x+1) − √x, x ಅನಂತಕ್ಕೆ.

ಗುಮ್ಮಟದೂರು_07
ಅಂಶದಲ್ಲಿ 1, ಛೇದ ಬೆಳೆಯುತ್ತದೆ, 0. ಈ ಬಾರಿ ನಿಮ್ಮ ಮೊದಲ ಉತ್ತರ ಸರಿ.

ಬಸವನಾಡು_ಎಕ್ಸ್‌ಪ್ರೆಸ್
ನಾನು ಯಾವಾಗಲೂ ಸರಿಯೇ, ಲೆಕ್ಕಗಳು ತಡವಾಗಿ ಬರುತ್ತವೆ.

ಕೃಷ್ಣಾತೀರದ_ಮೋಜಣಿ_ಕಾಕಾ
ಒಂದು ಕೇಳುವುದಿದೆ. ಹೊಲ ಚಪ್ಪಟೆ, ಅದಕ್ಕೆ ಪಟ್ಟಿಯನ್ನು ಎರಡು ಸೀಳು ಮಾಡಿದೆ. ಚೌಕದ ಬದಲು ನೀರಿನ ತೊಟ್ಟಿ ಇದ್ದರೆ? ಉದ್ದ, ಅಗಲ, ಆಳ ಎಲ್ಲವೂ x. ಅದಕ್ಕೆ 6x² ಗಾತ್ರ ಸೇರಿಸಿ ಮತ್ತೆ ಅದೇ ಆಕಾರ ಮಾಡಿದರೆ ಬದಿ ಎಷ್ಟು ಹೆಚ್ಚುತ್ತದೆ? ಮೂರು ಸೀಳು ಮಾಡಬೇಕು, ಆದ್ದರಿಂದ 2 ಎಂದು ನನ್ನ ಊಹೆ.

ತೊರವಿ_ರಸ್ತೆಯ_ಗಣಿತದಕ್ಕ
ಊಹೆ ಸರಿ ಕಾಕಾ, 2. ಆದರೆ ಘನಮೂಲಕ್ಕೆ a+b ಯಿಂದ ಗುಣಿಸಿದರೆ ಏನೂ ಆಗುವುದಿಲ್ಲ, ಘನಮೂಲ ಹಾಗೆಯೇ ಕೂತಿರುತ್ತದೆ. a³−b³ ಬರಬೇಕು, ಅದಕ್ಕೆ a²+ab+b² ರಿಂದ ಗುಣಿಸಬೇಕು. a ಎಂದರೆ x³+6x² ನ ಘನಮೂಲ, b ಎಂದರೆ x. ಅಂಶದಲ್ಲಿ 6x² ಉಳಿಯುತ್ತದೆ, ಛೇದದಲ್ಲಿ x² ನಷ್ಟೇ ವೇಗದಲ್ಲಿ ಬೆಳೆಯುವ ಮೂರು ಪದಗಳು. 6/3.

ಹಿಂಡಲಗಾ_ಕೋಡರ್
x = 100: 1060000ರ ಘನಮೂಲ 101.961. ಹೆಚ್ಚಳ 1.961, ಕೆಳಗಿನಿಂದ 2ರತ್ತ ಹೊರಟಿದೆ.

ನವನಗರ_ಸೂಪರ್‌ಫಾಸ್ಟ್
ಗುಣಾಂಕದ ಮೂರನೆಯ ಒಂದು ಭಾಗ. ಬರೆದುಕೊಂಡೆ.

ಬಸವನಾಡು_ಎಕ್ಸ್‌ಪ್ರೆಸ್
8x³ ಇದ್ದರೆ ಸರ್?

ನವನಗರ_ಸೂಪರ್‌ಫಾಸ್ಟ್
ಬೇರೆ ಪುಟ.